ಇಬ್ಬರು ಶೇಖರರು, ಒಂದು ಕಲ್ಲು

ಹಿತೇಶನಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಕನ್ನಡವನ್ನು ತಪ್ಪು ಓದಲೂ ಬರುವುದಿಲ್ಲ. ವಾರಿಜಾಗೆ ಅವನ ಮೇಲಿದ್ದ ನಂಬಿಕೆಗೆ ಈ ಎರಡನೆಯ ಗುಣವೇ ಕಾರಣ. ಕಲ್ಯಾಣದಲ್ಲಿ ಅವನ ಗ್ರಾನೈಟ್ ಅಂಗಡಿ, ಡೊಂಬಿವಲಿ ಪೂರ್ವದಲ್ಲಿ ಇವಳ ಪ್ರಿಂಟಿಂಗ್ ಅಂಗಡಿ. ಇವಳು ಅಕ್ಷರ ಜೋಡಿಸಿ ಕಳಿಸಿದ ಫೈಲನ್ನು ಅವನು ಯಂತ್ರದಲ್ಲಿ ಅಂಟುಹಾಳೆಯ ಮೇಲೆ ಕತ್ತರಿಸಿ, ಆ ಹಾಳೆಯನ್ನು ಕಲ್ಲಿಗೆ ಅಂಟಿಸಿ, ಮೇಲಿನಿಂದ ಜೋರಾಗಿ ಮರಳು ಹಾರಿಸುತ್ತಾನೆ. ಹಾಳೆ ತೆರೆದಿದ್ದಲ್ಲಿ ಕಲ್ಲು ಕೊರೆಯುತ್ತದೆ, ಮುಚ್ಚಿದ್ದಲ್ಲಿ ಉಳಿಯುತ್ತದೆ. ನಡುವೆ ಯಾರೂ ಬುದ್ಧಿ ಉಪಯೋಗಿಸುವುದಿಲ್ಲ. ಹಿಂದೊಮ್ಮೆ ಕನ್ನಡ ಬರುವ ಒಬ್ಬ ಕಲ್ಲಿನವನಿಗೆ ಕೆಲಸ ಕೊಟ್ಟು, ಅವನು ಒಂದು ಮನೆತನದ ಹೆಸರನ್ನು ತನಗೆ ಸರಿ ಕಂಡಂತೆ ತಿದ್ದಿದ ಮೇಲೆ ವಾರಿಜಾ ಅಂಥ ಸಹಾಯ ಸಾಕು ಎಂದು ತೀರ್ಮಾನಿಸಿದ್ದಳು.

ಆ ದಿನ ಅವಳು ಹೊರಗಿನ ಕೆಲಸ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಅಂಗಡಿಗೆ ಬರುವಾಗಲೇ ಕಳಂಬೋಲಿಯ ಕಲ್ಲಿನ ಫೈಲು ಹಿತೇಶನಿಗೆ ಹೋಗಿಬಿಟ್ಟಿತ್ತು. ಕಳಿಸಿದವಳು ದಿಶಾ. ದಿಶಾ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಉಡುಪಿ ಕಡೆಯ ತಂದೆತಾಯಿ, ಡೊಂಬಿವಲಿಯಲ್ಲೇ ಹುಟ್ಟಿದ ಹುಡುಗಿ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಲೋಕಲ್ ಟ್ರೇನಿನಲ್ಲಿ ಹಿಂದಿ. ಕನ್ನಡವನ್ನು ಅಜ್ಜಿ ಹಟ ಹಿಡಿದು ಕಲಿಸಿದ್ದರಿಂದ ಓದು ಬರಹ ಬರುತ್ತಿತ್ತು. ಕನ್ನಡ ಟೈಪಿಂಗ್ ಬರುವವರು ಈ ಕಡೆ ಸಿಗುವುದೇ ಅಪರೂಪ ಎಂದು ವಾರಿಜಾ ಅವಳನ್ನು ಎರಡನೇ ಪ್ರಶ್ನೆ ಕೇಳದೆ ಸೇರಿಸಿಕೊಂಡಿದ್ದಳು.

“ಆಂಟಿ, ಕಾಮ್ ಝಾಲಂ,” ಎಂದಳು ದಿಶಾ ಹೆಮ್ಮೆಯಿಂದ. “ಹಿತೇಶ್‌ಭಾಯಿ ಅರ್ಜೆಂಟ್ ಅಂದ್ರು. ನಾನು ಫೋನ್ ಮಾಡಿ ಕನ್ಫರ್ಮ್ ಕೂಡ ಮಾಡಿದ್ದೇನೆ.”

ಕೆಲಸ ಮುಗಿಯಿತು ಎಂಬ ಮಾತು ಕೇಳಿದಾಗ ವಾರಿಜಾಗೆ ಸಮಾಧಾನವಾದ ದಿನ ಇಲ್ಲ. ಅವಳು ಚೀಲ ಇಟ್ಟು, ಕನ್ನಡಕ ಒರೆಸಿಕೊಂಡು, ಮೂಲ ಪ್ರತಿ ಕೇಳಿದಳು.

ಮೂಲ ಪ್ರತಿ ಎಂದರೆ ಒಂದು ಗೆರೆಹಾಳೆ. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಸರಕು ಏರಿಸಿ ಇಳಿಸುವ ಒಂದು ಟೋಳಿಯನ್ನು ನಡೆಸುವ ಮುಕಾದಮ ಜಟ್ಟೆಪ್ಪ ಬರೆದದ್ದು. ವಿಜಯಪುರ, ಕಲಬುರಗಿ ಕಡೆಯ ಈ ಜನ ಭಾನುವಾರಗಳಲ್ಲಿ ಸೇರಿ ತಮಗಾಗಿ ಒಂದು ನೆರಳಿನ ಶೆಡ್ಡು, ಪಕ್ಕದಲ್ಲಿ ಕುಡಿಯುವ ನೀರಿನ ಟಾಕಿ ಕಟ್ಟಿಕೊಂಡಿದ್ದರು. ಕಟ್ಟಿ ಎರಡು ವರ್ಷವಾದ ಮೇಲೆ ಕಲ್ಲು ಹಾಕಿಸುವ ಯೋಚನೆ ಬಂದಿತ್ತು. ದುಡ್ಡು ಕೊಟ್ಟವರ ಹೆಸರಲ್ಲ, ಕೈಯಾರೆ ಕಟ್ಟಿದವರ ಹೆಸರು. ಹಾಳೆಯನ್ನು ತಂದುಕೊಟ್ಟವಳು ನಾಗವೇಣಿ. ಐರೋಲಿಯ ಯಾವುದೋ ಕಂಪನಿಯ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸ ಅವಳದು. ಗಂಡ ಶೇಖರ ಅದೇ ಟೋಳಿಯಲ್ಲಿದ್ದ. ಶೆಡ್ಡು ಕಟ್ಟುವಾಗ ಇಬ್ಬರೂ ಕೈಜೋಡಿಸಿದ್ದರು. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡ. ಮೊನ್ನೆ ಹಾಳೆ ಕೊಟ್ಟು ಹೋಗುವಾಗ ಅವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ್ದಳು. ಅವನ ಹೆಸರು ಇನ್ನೆಲ್ಲೂ ಇಲ್ಲ, ಬಾಡಿಗೆ ಮನೆಯ ಕಾಗದವೂ ತನ್ನಣ್ಣನ ಹೆಸರಲ್ಲಿದೆ, ಇದೊಂದಾದರೂ ಬರೋಬ್ಬರಿ ಬರಲಿ ಎಂದು. ಕೊರೆಯುವ ಮೊದಲು ಒಮ್ಮೆ ನೋಡಲು ಇವತ್ತು ಡ್ಯೂಟಿ ಮುಗಿಸಿ ಬರುತ್ತೇನೆ ಎಂದೂ ಹೇಳಿದ್ದಳು.

ವಾರಿಜಾ ಒಂದು ಕೈಯಲ್ಲಿ ಮೂಲ, ಇನ್ನೊಂದು ಕೈಯಲ್ಲಿ ಪ್ರಿಂಟು ಹಿಡಿದು ಸಾಲು ಸಾಲಾಗಿ ಇಳಿದಳು. ಜಟ್ಟೆಪ್ಪನ ಕೈ ಕೆಟ್ಟದ್ದಲ್ಲ, ಅವಸರದ್ದು. ಲಾರಿ ಹೊರಡುವ ಮುನ್ನ ಎಲ್ಲವನ್ನೂ ಬರೆದು ಮುಗಿಸಬೇಕಾದವನ ಕೈ. ಪ್ರಿಂಟಿನ ಮೊದಲ ಸಾಲಿನಲ್ಲೇ ‘ಜತ್ತಪ್ಪ’ ಎಂದಿತ್ತು. ವಾರಿಜಾ ತಲೆಯೆತ್ತದೆ ಅಂಗಾರ ಎಂದು ಕರೆದಳು.

ಅಂಗಾರ ಅಂಗಡಿಯ ಹಳೆಯ ಆಪರೇಟರ್. ಪುತ್ತೂರಿನ ಕಡೆಯವನು. ವಾರಿಜಾ ಹೊರಗೆ ಹೋದಾಗ ಅಂಗಡಿಯ ಸಂಶಯಗಳಿಗೆಲ್ಲ ಅವನೇ ಹೈಕೋರ್ಟು. ಜತ್ತಪ್ಪ ಎಂದು ಹೇಳಿದ್ದು ತಾನೇ ಎಂದು ಅವನು ಒಪ್ಪಿಕೊಂಡ. ಅದರಲ್ಲೇನು ಸಂಶಯ, ತನ್ನ ದೊಡ್ಡಪ್ಪನ ಹೆಸರೇ ಜತ್ತಪ್ಪ ಎಂದ.

“ನಿನ್ನ ದೊಡ್ಡಪ್ಪ ಕಳಂಬೋಲಿಯಲ್ಲಿ ಕಬ್ಬಿಣ ಹೊರಲಿಕ್ಕೆ ಹೋದದ್ದು ಯಾವಾಗ ಮಾರಾಯ?” ಎಂದಳು ವಾರಿಜಾ. “ಇವರು ಜಟ್ಟೆಪ್ಪ. ಫೋನಿನಲ್ಲಿ ನಾನೇ ಮಾತಾಡಿದ್ದೇನೆ.”

ಅಂಗಾರ ಹಾಳೆಯನ್ನು ಮತ್ತೆ ನೋಡಿದ. ಈಗ ಅವನಿಗೂ ಜಟ್ಟೆಪ್ಪ ಎಂದೇ ಕಂಡಿತು. ಅಕ್ಷರ ಬದಲಾಗಿರಲಿಲ್ಲ. ಇಷ್ಟು ಸ್ಪಷ್ಟವಾಗಿದ್ದದ್ದು ಆಗ ಯಾಕೆ ಕಾಣಲಿಲ್ಲವೋ ಎಂದು ಅವನು ಗೊಣಗುತ್ತ ತನ್ನ ಕಂಪ್ಯೂಟರಿನತ್ತ ತಿರುಗಿದ.

ಇದು ಸಣ್ಣ ತಪ್ಪು. ಕೆಳಗಿನ ಸಾಲಿನಲ್ಲಿ ವಾರಿಜಾಳ ಬೆರಳು ನಿಂತಿತು. ಪ್ರಿಂಟಿನಲ್ಲಿ ‘ದಿ. ಶೇಖರ’ ಎಂದಿತ್ತು. ಅದರ ಆಚೆ, ನಾಲ್ಕಾರು ಹೆಸರುಗಳ ನಂತರ ‘ಇ. ಶೇಖರ’ ಎಂದಿತ್ತು. ಹಾಳೆಯಲ್ಲಿ ಮೊದಲನೆಯದು ಒಂದು ಸುತ್ತು, ಮೇಲೊಂದು ಬಾಲ, ಪಕ್ಕದಲ್ಲಿ ಒಂದು ದಪ್ಪ ಚುಕ್ಕಿ. ಅಷ್ಟೇ.

ಅಂಗಾರನನ್ನು ಕೇಳಿದಾಗ ಅವನು ‘ಡಿ. ಶೇಖರ’ ಎಂದ. ಇನಿಶಿಯಲ್ಲು. ಅವನ ಊರಿನಲ್ಲಿ ಕೆ. ಶೇಖರ, ಬಿ. ಶೇಖರ, ಪಿ. ಶೇಖರ ಎಲ್ಲ ಇದ್ದಾರೆ, ಇವನು ಡಿ. ಶೇಖರ. ದಿಶಾ ಮಾತ್ರ ಬಿಡಲಿಲ್ಲ. ಅದು ದಿವಂಗತರ ದಿ. ಅಂಗಾರಣ್ಣ ಡಿ ಅಂದದ್ದಕ್ಕೇ ತಾನು ಜಟ್ಟೆಪ್ಪನವರಿಗೆ ಫೋನು ಮಾಡಿದ್ದು, ಅವರೇ ಹೌದು ಎಂದದ್ದು.

“ಎಂತ ಅಂತ ಕೇಳಿದ್ದು ನೀನು?”

“ಶೇಖರ್ ಆಫ್ ಆಗಿದ್ದಾರಲ್ಲಾ ಅಂತ ಕೇಳಿದೆ. ಹೌದವ್ವಾ, ಹೋದ ವರ್ಷ ಅಂದ್ರು. ಪ್ರೂಫ್ ಕೂಡ ವಾಟ್ಸಾಪ್ ಮಾಡಿದೆ. ಥಂಬ್ಸ್ ಅಪ್ ಹಾಕಿದ್ದಾರೆ. ನೋಡಿ.”

ವಾರಿಜಾ ಆ ಹೆಬ್ಬೆರಳನ್ನು ನೋಡಿದಳು. ಬರೆದವನಷ್ಟು ಕೆಟ್ಟ ಓದುಗ ಇನ್ನೊಬ್ಬನಿಲ್ಲ ಎನ್ನುವುದು ಅವಳ ಅನುಭವ. ಅವನು ಹಾಳೆಯ ಮೇಲೆ ಇರುವುದನ್ನು ಓದುವುದಿಲ್ಲ, ತಲೆಯಲ್ಲಿ ಇರುವುದನ್ನು ಓದುತ್ತಾನೆ. ಮದುವೆ ಕಾಗದದಲ್ಲಿ ವರನ ಹೆಸರೇ ಬಿಟ್ಟುಹೋಗಿದ್ದಾಗಲೂ ವರನ ಅಪ್ಪ ಹೀಗೆಯೇ ಒಂದು ಹೆಬ್ಬೆರಳು ಕಳಿಸಿದ್ದರು.

ಅವಳು ಹಿತೇಶನಿಗೆ ಫೋನು ಮಾಡಿದಳು. ಅಂಟುಹಾಳೆ ಕತ್ತರಿಸಿ ಕಲ್ಲಿಗೆ ಅಂಟಿಸಿಯಾಗಿದೆ, ಮರಳು ಹಾರಿಸುವವನು ಊಟಕ್ಕೆ ಹೋಗಿದ್ದಾನೆ, ಬಂದ ಕೂಡಲೇ ಶುರು ಎಂದ ಅವನು. ಭಾನುವಾರ ಕಲ್ಲು ನೆಡುವುದು, ಅದಕ್ಕೆ ಮೊದಲು ಪಾಲಿಶ್ ಆಗಬೇಕು, ನಾಳೆ ಅವನಿಗೆ ಬೇರೆ ಕೆಲಸ. ವಾರಿಜಾ ಅವನಿಗೆ, ನಿನ್ನ ಮನುಷ್ಯನಿಗೆ ಇವತ್ತು ನಿಧಾನವಾಗಿ ಊಟ ಮಾಡಲು ಹೇಳು ಎಂದಳು.

“ಕಾಗದವಾದರೆ ಇನ್ನೊಂದು ಹಾಕಬಹುದು. ಕಲ್ಲಿಗೆ ವೈಟ್ನರ್ ಇಲ್ಲ,” ಎಂದಳು ಫೋನು ಇಟ್ಟು. “ಬಾ, ಕೂತುಕೋ.”

ದಿಶಾಳ ಮುಖ ಸಣ್ಣದಾಗಿತ್ತು. ಒಂದೇ ಅಕ್ಷರವನ್ನು ಅಂಗಾರಣ್ಣ ಹಾಗೆ, ತಾನು ಹೀಗೆ ಓದುವುದು ಹೇಗೆ, ಇಬ್ಬರಲ್ಲಿ ಒಬ್ಬರ ಕಣ್ಣು ಸರಿಯಿಲ್ಲ ಅಷ್ಟೇ ತಾನೇ ಎಂದು ಕೇಳಿದಳು. ಕೇಳಿದ ರೀತಿಯಲ್ಲಿ ಸರಿಯಿಲ್ಲದ ಕಣ್ಣು ಯಾರದೆಂದು ಅವಳಿಗೆ ಸಂಶಯವಿರಲಿಲ್ಲ.

ವಾರಿಜಾ ಒಂದು ಚೀಟಿ ಎಳೆದುಕೊಂಡು ಅವಸರದಲ್ಲಿ ಎರಡಕ್ಷರ ಗೀಚಿದಳು. ದಿಶಾ ನೋಡಿ ‘ಬಾಬಾ’ ಎಂದಳು. ಚೀಟಿಯನ್ನು ಅಂಗಾರನ ಕಡೆ ತಿರುಗಿಸಿದಾಗ ಅವನು ಟೈಪು ಮಾಡುತ್ತಲೇ ಓರೆಗಣ್ಣಿನಲ್ಲಿ ನೋಡಿ ‘ಬೂಬ’ ಎಂದ. ಅವನ ಪ್ರಾಥಮಿಕ ಶಾಲೆಯ ಗೆಳೆಯ ಬೂಬ. ದಿಶಾಳ ಬಿಲ್ಡಿಂಗಿನಲ್ಲಿ ಬೂಬ ಯಾರೂ ಇಲ್ಲ, ಬಾಬಾ ಎಂದು ಕರೆಸಿಕೊಳ್ಳುವವರು ಮೂರು ಮಹಡಿಗೆ ಒಬ್ಬರಂತೆ ಇದ್ದಾರೆ.

“ಕಣ್ಣು ಇಬ್ಬರದ್ದೂ ಸರಿ ಉಂಟು. ಕಣ್ಣು ಅರ್ಧ ಕೊಡುತ್ತದೆ, ಉಳಿದರ್ಧ ತಲೆ ತುಂಬುತ್ತದೆ. ಯಾರ ತಲೆಯಲ್ಲಿ ಎಂತ ಉಂಟೋ ಅದನ್ನೇ ತುಂಬುವುದಲ್ಲವಾ? ಈ ವಾರ ಪೂರ್ತಿ ನೀನು ಎಂತ ಟೈಪ್ ಮಾಡಿದ್ದು ಹೇಳು.”

ದಿಶಾ ನೆನಪಿಸಿಕೊಂಡಳು. ಪಿತೃಪಕ್ಷ. ಶ್ರದ್ಧಾಂಜಲಿ ಕಾರ್ಡು, ಪುಣ್ಯತಿಥಿಯ ಬ್ಯಾನರು, ವೈಕುಂಠ ಸಮಾರಾಧನೆಯ ಕಾಗದ. ದಿ. ಇಂಥವರು, ದಿ. ಅಂಥವರು. ಅವಳ ಬೆರಳು ದಿ ಒತ್ತಿ ಒತ್ತಿ ಕೀಲಿಮಣೆಯ ಆ ಗುಂಡಿಯೇ ಹೊಳೆಯುತ್ತಿತ್ತು. ಅಂದರೆ, ಎಂದು ಅವಳು ನಿಧಾನವಾಗಿ ಹೇಳಿದಳು, ಸುತ್ತು ಬಾಲ ಚುಕ್ಕಿ ಕಂಡ ಕೂಡಲೇ...

“ಕೂಡಲೇ ಮನುಷ್ಯ ಸತ್ತ. ದೀಪಾವಳಿ ಕಳೆದು ಮದುವೆ ಸೀಸನ್ನಿನಲ್ಲಿ ಓದಿದ್ದರೆ ಚಿ. ಶೇಖರ ಆಗಿ ಚಿರಂಜೀವಿ ಆಗುತ್ತಿದ್ದನೋ ಏನೋ.”

ಅಂಗಾರ ನಕ್ಕ. ನಂತರ ತನ್ನ ಡಿ ಕೂಡ ಇದೇ ಪಂಗಡದ್ದು ಎಂದು ಹೊಳೆದು ನಿಲ್ಲಿಸಿದ.

ಹಾಗಾದರೆ ಸಂದರ್ಭ ನೋಡಿ ಓದು ಎಂದು ಆಂಟಿ ದಿನಾ ಹೇಳುವುದಕ್ಕೆ ಏನರ್ಥ, ತಾನು ಮಾಡಿದ್ದೂ ಅದನ್ನೇ ತಾನೇ ಎಂದು ದಿಶಾ ವಾದಿಸಿದಳು. ಇದು ಒಳ್ಳೆಯ ಪ್ರಶ್ನೆ ಎಂದು ವಾರಿಜಾಗೂ ಅನಿಸಿತು. ಸಂದರ್ಭ ಎರಡು ಇರುತ್ತದೆ ಎಂದಳು ಅವಳು. ಓದುವವಳದ್ದು ಒಂದು, ಬರೆದವನದ್ದು ಒಂದು. ಓದುವವಳದ್ದು ಕೇಳದೆಯೇ ಬಂದು ಕೂರುತ್ತದೆ. ಬರೆದವನದ್ದನ್ನು ಹುಡುಕಿಕೊಂಡು ಹೋಗಬೇಕು.

ಅವಳು ಒಂದು ಹಳೆಯ ವಿಸಿಟಿಂಗ್ ಕಾರ್ಡಿನ ನಡುವೆ ಒಂದಕ್ಷರದಷ್ಟು ತೂತು ಕತ್ತರಿಸಿ ಜಟ್ಟೆಪ್ಪನ ಹಾಳೆಯ ಮೇಲಿಟ್ಟಳು. ತೂತಿನಲ್ಲಿ ಕಂಡದ್ದನ್ನು ದಿಶಾ ‘ಸಾ’ ಎಂದಳು, ಸ್ವಲ್ಪ ಹೊತ್ತಿನ ನಂತರ ‘ನಾ’ ಇದ್ದರೂ ಇರಬಹುದು ಎಂದಳು. ವಾರಿಜಾ ಕಾರ್ಡನ್ನು ಸರಿಸಿದಳು. ಉಳಿದದ್ದು ‘ಗವೇಣಿ’ ಎಂದಿತ್ತು. ಸಾಗವೇಣಿ ಎಂಬ ಹೆಣ್ಣು ಭೂಮಿಯ ಮೇಲಿಲ್ಲ, ಆದ್ದರಿಂದ ಅದು ನಾ. ಇಲ್ಲಿ ನೆರೆಹೊರೆಯವರೇ ಸಾಕ್ಷಿ ಹೇಳಿದರು. ಆದರೆ ಶೇಖರನ ಮುಂದಿನ ಆ ಒಂಟಿ ಅಕ್ಷರಕ್ಕೆ ನೆರೆಹೊರೆ ಇಲ್ಲ. ಒಂದು ಕಡೆ ಹಾಳೆಯ ಅಂಚು, ಇನ್ನೊಂದು ಕಡೆ ಚುಕ್ಕಿ. ಶೇಖರನ ಮುಂದೆ ದಿ ಆದರೂ ಕೂರುತ್ತದೆ, ಡಿ ಆದರೂ ಕೂರುತ್ತದೆ. ಉದ್ದದ ಪದ ತಾನಾಗಿ ಕಾಪಾಡಿಕೊಳ್ಳುತ್ತದೆ, ತುಂಡು ಅಕ್ಷರ ಎಲ್ಲರ ಮಾತಿಗೂ ಹೂಂ ಎನ್ನುತ್ತದೆ.

“ಮತ್ತೆ ಎಂತ ಮಾಡುವುದು?”

“ಅವನ ಕೈಯನ್ನೇ ಕೇಳುವುದು. ಸಂಶಯ ಇಲ್ಲದ ಹೆಸರು ಯಾವುದೆಲ್ಲ ಉಂಟು, ಅದರಲ್ಲಿ ಅವನು ದ ಹೇಗೆ ಬರೆದಿದ್ದಾನೆ ನೋಡು.”

ದಿಶಾ ಹುಡುಕಿದಳು. ‘ದ್ರೌಪದಿ’ ಸಿಕ್ಕಿತು. ಅದನ್ನು ಯಾರೂ ಬೇರೆ ಓದಲಾರರು. ‘ಅಂಬಾದಾಸ’ ಸಿಕ್ಕಿತು. ದ ಹೊಂದುತ್ತಿತ್ತು. ಅದೇ ಸುತ್ತು, ಅದೇ ಮೊಂಡು ಆರಂಭ. ಡ ಇರುವ ಒಂದೇ ಪದ ತಲೆಬರಹದಲ್ಲಿತ್ತು, ‘ಶೆಡ್ಡು’. ಅಲ್ಲಿ ಅವನ ಡ ಬಾಯಿ ಬಿಟ್ಟುಕೊಂಡಿತ್ತು. ಅಂಗಾರನ ಇನಿಶಿಯಲ್ಲು ಅಲ್ಲಿಗೆ ಬಿದ್ದುಹೋಯಿತು. ದಿಶಾ ಗೆದ್ದ ಮುಖದಲ್ಲಿ ನೋಡಿದಳು.

“ದ ಸಿಕ್ಕಿತು. ಅದರ ಮೇಲಿನ ಬಾಲ?”

ಬಾಲವನ್ನು ದಿಶಾ ನೋಡಿರಲಿಲ್ಲ. ದ ಎಂದಾದ ಮೇಲೆ ಬಾಲ ತಾನಾಗಿ ಗುಡಿಸು ಆಗಿಬಿಟ್ಟಿತ್ತು. ಈಗ ಅವಳು ‘ದ್ರೌಪದಿ’ಯ ಕೊನೆಯ ದಿಯ ಮೇಲೆ ಬೆರಳಿಟ್ಟು, ಇನ್ನೊಂದು ಬೆರಳನ್ನು ಶೇಖರನ ಮುಂದಿಟ್ಟಳು. ದ್ರೌಪದಿಯಲ್ಲಿ ಗುಡಿಸು ಮುಚ್ಚಿದ ಉಂಗುರ. ಇಲ್ಲಿ ಉಂಗುರ ಇರಲಿಲ್ಲ, ಬಾಲ ಮೇಲೆದ್ದು ತೆರೆದೇ ಉಳಿದಿತ್ತು. ‘ಜಟ್ಟೆಪ್ಪ’ದ ಟೆಯ ಮೇಲೆ ಇದ್ದದ್ದು ಇದೇ ಬಾಲ. ಎತ್ವ. ಅವಳು ಪಕ್ಕದ ‘ಶೇ’ಯನ್ನು ನೋಡಿದಳು. ಅಲ್ಲಿ ಜಟ್ಟೆಪ್ಪ ದೀರ್ಘವನ್ನು ಒಂದು ಸಣ್ಣ ಕೊಕ್ಕೆಯಂತೆ ಒತ್ತಿ ಬರೆದಿದ್ದ. ಶೇಖರನ ಮುಂದಿನ ಚುಕ್ಕಿ ಯಾಕೆ ಅಷ್ಟು ದಪ್ಪ ಎಂದು ಈಗ ಅವಳಿಗೆ ಗೊತ್ತಾಯಿತು. ಅದು ಬರೀ ಚುಕ್ಕಿಯಲ್ಲ, ಕೊಕ್ಕೆಯೂ ಚುಕ್ಕಿಯೂ ಒಂದಕ್ಕೊಂದು ಅಂಟಿಕೊಂಡಿದ್ದವು.

“ದೇ,” ಎಂದಳು. ನಂತರ ಗೊಂದಲದಿಂದ, “ಆದರೆ ದೇ. ಶೇಖರ ಅಂದರೆ ಏನು? ಕಾಹೀಚ್ ಅರ್ಥ್ ನಾಹೀ.”

ಅರ್ಥ ವಾರಿಜಾಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು. ಅರ್ಥ ಸಿಗದ ಓದನ್ನು ಕಲ್ಲಿಗೆ ಹಾಕುವುದಲ್ಲ, ಅರ್ಥ ಸಿಕ್ಕಿತೆಂದು ಕಣ್ಣಿಗೆ ಒಪ್ಪದ್ದನ್ನು ಹಾಕುವುದೂ ಅಲ್ಲ. ಕಣ್ಣೂ ಅರ್ಥವೂ ಒಂದೇ ಮಾತು ಹೇಳುವವರೆಗೆ ಹುಡುಕಬೇಕು. ಹೆಸರಿನ ಮುಂದೆ ಹೀಗೆ ತುಂಡು ಅಕ್ಷರ ಇನ್ನು ಯಾರಿಗೆಲ್ಲ ಇದೆ ನೋಡು ಎಂದಳು.

ದಿಶಾ ಪ್ರಿಂಟು ನೋಡಿದಳು. ‘ಸಿ. ಅಂಬಾದಾಸ’, ‘ಆ. ಅಂಬಾದಾಸ’, ‘ಇ. ಶೇಖರ’. ಆದರೆ ಮೂಲದಲ್ಲಿ ‘ಸಿ’ಯ ಪಕ್ಕ ಒಂದು ಸೊನ್ನೆ ಇತ್ತು. ‘ಇ’ಯ ಪಕ್ಕದಲ್ಲೂ ಇತ್ತು. ಸಿಂ., ಇಂ. ಆ ಸೊನ್ನೆಗಳು ಎಲ್ಲಿ ಹೋದವು ಎಂದು ಅವಳು ಕೇಳಿದಾಗ ಅಂಗಾರ ಕುರ್ಚಿಯಲ್ಲಿ ಹೊರಳಿದ. ಪೆನ್ನು ತಾಗಿದ ಗುರುತು ಎಂದು ತಾನೇ ಬಿಡಲು ಹೇಳಿದ್ದ. ಇನಿಶಿಯಲ್ಲಿಗೆ ಸೊನ್ನೆ ಎಲ್ಲಿಂದ ಬರಬೇಕು?

“ಹೌದಲ್ಲ,” ಎಂದಳು ವಾರಿಜಾ. “ಇನಿಶಿಯಲ್ಲಿಗೆ ಸೊನ್ನೆ ಬರುವುದಿಲ್ಲ. ಹಾಗಾದರೆ ಸೊನ್ನೆಯನ್ನು ಬಿಡಬೇಕಾ, ಇನಿಶಿಯಲ್ಲನ್ನು ಬಿಡಬೇಕಾ?”

ಇದು ಅಂಗಾರನೊಬ್ಬನಿಗೇ ಆಗುವ ತಪ್ಪಲ್ಲ. ಓದುವವರು ತಮ್ಮ ಲೆಕ್ಕಕ್ಕೆ ಹೊಂದದ್ದನ್ನು ಕಂಡರೆ ಲೆಕ್ಕ ಬದಲಿಸುವುದಿಲ್ಲ, ಕಂಡದ್ದನ್ನು ಒರೆಸುತ್ತಾರೆ. ವಾರಿಜಾ ಒಮ್ಮೆ ಒಂದು ಇಡೀ ಒತ್ತಕ್ಷರವನ್ನು ಎಣ್ಣೆಯ ಕಲೆ ಎಂದು ಬಿಟ್ಟಿದ್ದಳು. ಅದನ್ನು ಈಗ ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ದಿಶಾ ಹಾಳೆಯ ಮೇಲೆ ಬಗ್ಗಿ ತುಟಿ ಅಲ್ಲಾಡಿಸುತ್ತಿದ್ದಳು. ಜಟ್ಟೆಪ್ಪ, ಏನೂ ಇಲ್ಲ. ದ್ರೌಪದಿ, ಏನೂ ಇಲ್ಲ. ಸಿಂ. ಅಂಬಾದಾಸ. ನಾಗವೇಣಿ, ಏನೂ ಇಲ್ಲ. ಅವಳ ಪೆನ್ಸಿಲು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಯಿತು.

“ಆಂಟಿ, ಅಂಬಾದಾಸ ಎರಡು. ಶೇಖರ ಎರಡು. ಬೇರೆ ಯಾವ ಹೆಸರೂ ಎರಡು ಸಲ ಇಲ್ಲ. ಚುಕ್ಕಿ ಇರುವುದು ಈ ಜೋಡಿಗಳಿಗೆ ಮಾತ್ರ.”

ವಾರಿಜಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಇದನ್ನು ಅವಳು ಗಮನಿಸಿರಲಿಲ್ಲ.

“ಕ್ಲಾಸಿನಲ್ಲಿ ನಾವು ಮೂವರು ದಿಶಾ ಇದ್ದೆವು,” ಎಂದಳು ದಿಶಾ. “ಟೀಚರ್ ದಿಶಾ ಪಿ., ದಿಶಾ ಎಸ್. ಅಂತ ಕರೆಯುತ್ತಿದ್ದರು. ಇವರು ಹೆಸರಿಗೆ ಮೊದಲೇ ಹಾಕಿದ್ದಾರೆ. ಬೇರೆ ಬೇರೆ ಅಂತ ಗೊತ್ತಾಗಲಿಕ್ಕೆ ಏನೋ ಹಾಕಿದ್ದಾರೆ. ಯಾವುದೋ ಗುರುತು. ಸಿಂ, ಆ, ಇಂ, ದೇ.”

ಆ ನಾಲ್ಕನ್ನು ಅವಳು ಹೀಗೆ ಒಟ್ಟಿಗೆ ಹೇಳಿದ್ದೇ ತಡ, ವಾರಿಜಾಳ ಕಿವಿಗೆ ಅದು ಬಸ್‌ಸ್ಟ್ಯಾಂಡಿನ ಕೂಗಿನಂತೆ ಕೇಳಿತು. ಸಿಂದಗಿ, ಆಳಂದ, ಇಂಡಿ. ದೇಗೆ ಮಾತ್ರ ಅವಳಿಗೆ ಏನೂ ಹೊಳೆಯಲಿಲ್ಲ. ಆ ಕಡೆಯ ಊರುಗಳು ಅವಳಿಗೆ ಗೊತ್ತಿದ್ದದ್ದೇ ಬಸ್ಸಿನ ಬೋರ್ಡುಗಳಿಂದ. ಊರಿನ ಮೊದಲಕ್ಷರ ಎಂದಳು. ಮೂರು ಸಾಲುಗಳು ಒಂದೇ ರೀತಿಯಲ್ಲಿ ಅರ್ಥವಾಗಿದ್ದರಿಂದ ನಾಲ್ಕನೆಯದೂ ಊರೇ ಆಗಿರಬೇಕು. ಆದರೂ ಅದು ಊಹೆ.

ದಿಶಾ ಫೋನು ಕೈಗೆತ್ತಿಕೊಂಡು, ದೇ ಅಂದರೆ ಊರಾ ಅಂತ ಕೇಳುತ್ತೇನೆ ಎಂದಳು. ವಾರಿಜಾ ಫೋನು ಕಿತ್ತುಕೊಂಡಳು. ಹಾಗೆ ಕೇಳಿದರೆ ಹೌದು ಎಂದೇ ಬರುತ್ತದೆ. ಕೆಲಸದ ನಡುವೆ ಇರುವ ಮನುಷ್ಯನಿಗೆ ನಾವು ಉತ್ತರ ಕೊಟ್ಟು ಪ್ರಶ್ನೆ ಕೇಳಿದರೆ ಅವನು ಹೂಂ ಎಂದು ಕೈ ತೊಳೆದುಕೊಳ್ಳುತ್ತಾನೆ. ಬೆಳಿಗ್ಗೆ ಆದದ್ದೂ ಅದೇ. ಶೇಖರ ಸತ್ತಿದ್ದಾನಾ ಎಂದು ಕೇಳಿದ್ದಕ್ಕೆ ಅವನು ನಿಜವನ್ನೇ ಹೇಳಿದ್ದ. ಯಾವ ಶೇಖರ ಎಂದು ಯಾರೂ ಕೇಳಿರಲಿಲ್ಲ.

ಅವಳು ಸ್ಪೀಕರ್ ಹಾಕಿ ಜಟ್ಟೆಪ್ಪನಿಗೆ ಫೋನು ಮಾಡಿದಳು. ಆಚೆ ಕಡೆ ಕಬ್ಬಿಣದ ಸರಳು ಉರುಳುವ ಶಬ್ದ.

“ಜಟ್ಟೆಪ್ಪನವರೇ, ನಿಮ್ಮ ಟೋಳಿಯಲ್ಲಿ ಶೇಖರ ಅಂತ ಯಾರು ಯಾರು?”

“ಇಬ್ಬರ ಇದ್ರರೀ ಅಕ್ಕಾರ. ಇಂಡಿ ಶೇಖರ ಒಬ್ಬಾಂವ, ದ್ಯಾವರಹಿಪ್ಪರಗಿ ಶೇಖರ ಒಬ್ಬಾಂವ. ಇಂಡ್ಯಾಂವ ಹ್ವಾದ, ಭಾಳ ಚೊಲೋ ಮನಶ್ಯಾ. ಹಿಪ್ಪರಗ್ಯಾಂವ ಇಲ್ಲೇ ಮಗ್ಗಲದಾಗ ಕುಂತು ಬೀಡಿ ಸೇದಾಕತ್ತಾನ. ಯಾಕರೀ?”

ಅಂಗಾರ ಟೈಪು ಮಾಡುವುದನ್ನು ನಿಲ್ಲಿಸಿದ್ದ. ದಿಶಾ ಪ್ರಿಂಟನ್ನೇ ನೋಡುತ್ತಿದ್ದಳು. ಬೀಡಿ ಸೇದುತ್ತಿರುವವನು ಅದರಲ್ಲಿ ದಿವಂಗತನಾಗಿದ್ದ. ನಾಗವೇಣಿಯ ಗಂಡ ಕೆಳಗೆ, ‘ಇ. ಶೇಖರ’ ಎಂದು, ಯಾವ ಊರಿನವನೆಂದೂ ತಿಳಿಯದ ಯಾರೋ ಒಬ್ಬನಾಗಿ ಬದುಕಿದ್ದ. ಹಿಪ್ಪರಗಿಯವನು ಕಲ್ಲು ನೋಡಿ ನಕ್ಕುಬಿಡಬಹುದಾಗಿತ್ತು. ನಾಗವೇಣಿ ಏನು ಮಾಡುತ್ತಿದ್ದಳೋ ದಿಶಾಗೆ ಊಹಿಸಲು ಆಗಲಿಲ್ಲ.

ವಾರಿಜಾ ಜಟ್ಟೆಪ್ಪನಿಗೆ ವಿಷಯ ಹೇಳಿದಳು. ತೀರಿಕೊಂಡವರ ಹೆ‌ಸರಿಗೆ ದಿ. ಹಾಕುವ ಪದ್ಧತಿ ಇದೆ, ಇಂಡಿ ಶೇಖರನಿಗೆ ಹಾಕಬೇಕೇ ಎಂದೂ ಕೇಳಿದಳು.

“ಬ್ಯಾಡ್ರಿ. ಶೆಡ್ಡು ಕಟ್ಟೂಮುಂದ ಇದ್ದ. ಕಟ್ಟಿದವ್ರ ಹೆಸರು ಬರದೀವಿ, ಇದ್ದವ್ರದು ಇಲ್ಲದವ್ರದು ಬರದಿಲ್ಲ.”

ಮಧ್ಯಾಹ್ನ ಕಳೆದು ನಾಗವೇಣಿ ಬಂದಳು. ಐರೋಲಿಯಿಂದ ಠಾಣೆಗೆ ಬಂದು ಅಲ್ಲಿ ಗಾಡಿ ಬದಲಿಸಿ ಬರುವಷ್ಟರಲ್ಲಿ ಅವಳ ಸೀರೆಯ ಇಸ್ತ್ರಿಯೆಲ್ಲ ರೈಲಿನ ಪಾಲಾಗಿತ್ತು. ಅಷ್ಟರಲ್ಲಿ ಹಿತೇಶನ ಜತೆ ವಾರಿಜಾಳ ಎರಡನೆಯ ಮಾತುಕತೆ ನಡೆದಿತ್ತು. ತುಂಡು ಅಕ್ಷರಗಳನ್ನು ತೆಗೆದು ಊರಿನ ಹೆಸರನ್ನು ಪೂರ್ತಿ ಹಾಕುತ್ತೇನೆ ಎಂದು ಅವಳು, ದೇವರಹಿಪ್ಪರಗಿ ಎಂಬಷ್ಟು ಉದ್ದದ ಊರು ತನ್ನ ಕಲ್ಲಿನ ಅಳತೆಯಲ್ಲಿ ಹಿಡಿಸುವುದಿಲ್ಲ ಎಂದು ಅವನು. ಅಕ್ಷರ ಗೊತ್ತಿಲ್ಲದಿದ್ದರೂ ಉದ್ದ ಅವನಿಗೆ ಕಾಣುತ್ತದೆ. ಇಂದು ನಮಗೆ ಗೊತ್ತು, ಹತ್ತು ವರ್ಷದ ನಂತರ ಆ ನೆರಳಿನಲ್ಲಿ ಕೂತವನು ದೇ. ಎಂಬುದನ್ನು ಏನೆಂದು ಓದುತ್ತಾನೆ ಎಂದು ವಾರಿಜಾ ಹಿಂದಿಯಲ್ಲಿ ಕೇಳಿದಳು. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಧ್ವನಿ ಅರ್ಥವಾಯಿತು. ಅಕ್ಷರ ಸ್ವಲ್ಪ ಸಣ್ಣದು ಮಾಡಿ ಕಳಿಸಿ ಎಂದ. ಅಂಟುಹಾಳೆ ಕಿತ್ತು ಹೊಸದು ಕತ್ತರಿಸುವುದು ದೊಡ್ಡ ಮಾತಲ್ಲ, ಕಲ್ಲಿಗೆ ಇನ್ನೂ ಮರಳು ತಾಗಿಲ್ಲ, ಮರಳಿನವನು ಊಟ ಮುಗಿಸಿ ನಿದ್ದೆಗೂ ಹೋಗಿದ್ದಾನೆ ಎಂದ.

ದಿಶಾ ಹೊಸ ಪ್ರಿಂಟನ್ನು ನಾಗವೇಣಿಯ ಮುಂದಿಟ್ಟಳು. ಬೆಳಗಿನ ಪ್ರಿಂಟನ್ನು ಅವಳು ಹರಿದು ಬುಟ್ಟಿಗೆ ಹಾಕಿದ್ದಳು, ಎರಡು ಸಲ ಹರಿದು. ನಾಗವೇಣಿ ಓದುವಾಗ ಪದ ಓದುವುದಿಲ್ಲ, ಅಕ್ಷರ ಓದುತ್ತಾಳೆ. ಬೆರಳು ಒಂದೊಂದನ್ನೂ ಒತ್ತಿ ಮುಂದೆ ಹೋಗುತ್ತದೆ. ಹೀಗೆ ಓದುವವರ ಕಣ್ಣಿಗೆ ಮೋಸ ಮಾಡುವುದು ಕಷ್ಟ, ಪ್ರೂಫು ನೋಡಲು ಇಂಥವರೇ ಬೇಕು ಎಂದು ವಾರಿಜಾ ಮನಸ್ಸಿನಲ್ಲೇ ಅಂದುಕೊಂಡಳು.

“ಇಂ... ಡಿ... ಶೇ... ಖ... ರ,” ಎಂದಳು ನಾಗವೇಣಿ. ಬೆರಳು ಅಲ್ಲೇ ಉಳಿಯಿತು. “ಇದನ್ನ ಮುಂದ ಯಾರ ಓದಿದ್ರೂ ಹಿಂಗ ಓದ್ತಾರಲ್ರಿ?”

“ಹೀಗೇ ಓದುತ್ತಾರೆ,” ಎಂದಳು ದಿಶಾ. ಆ ಮಾತನ್ನು ಬೆಳಿಗ್ಗೆಯೂ ಅಷ್ಟೇ ಧೈರ್ಯದಿಂದ ಹೇಳುತ್ತಿದ್ದೆ ಎಂದು ನೆನಪಾಗಿ ವಾರಿಜಾಳ ಕಡೆ ನೋಡಿದಳು.

ವಾರಿಜಾ ಪ್ರೂಫನ್ನು ಜಟ್ಟೆಪ್ಪನಿಗೆ ವಾಟ್ಸಾಪ್ ಮಾಡಿದಳು. ಒಂದು ನಿಮಿಷದೊಳಗೆ ಹೆಬ್ಬೆರಳು ಬಂತು. ಅವಳು ಅದನ್ನು ಲೆಕ್ಕಕ್ಕೆ ಹಿಡಿಯದೆ ಫೋನು ಮಾಡಿ, ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಿ ಹೇಳಬೇಕು, ಓದುವವರೆಗೆ ಫೈಲು ಹೋಗುವುದಿಲ್ಲ ಎಂದಳು. ಜಟ್ಟೆಪ್ಪ ಇದೇನು ಸಾಲಿ ಹುಡುಗರಂಗ ಎಂದು ಬೇಸರಿಸಿಕೊಂಡು ಗಂಟಲು ಸರಿಮಾಡಿದ. ಕೆಲಸ ಬಿಟ್ಟ ಹೊತ್ತು, ಟೋಳಿ ಶೆಡ್ಡಿನ ಕೆಳಗೆ ಕೂತಿತ್ತು ಎಂದು ಕಾಣುತ್ತದೆ. ಅವನು ಹೆಸರು ಓದಿದ ಹಾಗೆ ಆ ಕಡೆಯಿಂದ ಯಾರಾದರೊಬ್ಬರು ಹಾಜರಿ ಕರೆದಂತೆ ಉತ್ತರ ಕೊಡತೊಡಗಿದರು.

“ದ್ರೌಪದಿ.” “ಹ್ಞಾಂ.”

“ಸಿಂದಗಿ ಅಂಬಾದಾಸ.” “ಇದೀನಿ.”

“ದ್ಯಾವರಹಿಪ್ಪರಗಿ ಶೇಖರ.” “ಇನ್ನಾ ಸತ್ತಿಲ್ಲ, ಓದ ಮುಂದ.” ನಗು. ಬೆಳಗಿನ ಕಥೆ ಅಲ್ಲಿಗೂ ತಲುಪಿತ್ತು.

ನಾಗವೇಣಿಯ ಹೆಸರು ಬಂದಾಗ ಆಚೆಯಿಂದ ಯಾರೋ ಹೆಂಗಸು ಡೊಂಬಿವಲಿಗೆ ಹೋಗ್ಯಾಳ ಎಂದಳು. ದಿಶಾ ಮೂಲದ ಹಾಳೆಯ ಮೇಲೆ ಪೆನ್ಸಿಲಿನಿಂದ ಸಾಲಿಗೊಂದು ಗುರುತು ಹಾಕುತ್ತಿದ್ದಳು.

“ಇಂಡಿ ಶೇಖರ,” ಎಂದು ಓದಿ ಜಟ್ಟೆಪ್ಪ ನಿಂತ. ಆಚೆ ಕಡೆ ಯಾರೂ ಮಾತಾಡಲಿಲ್ಲ.

“ಹ್ಞೂಂ,” ಎಂದಳು ನಾಗವೇಣಿ, ಫೋನಿನ ಹತ್ತಿರ ಬಗ್ಗಿ.

ದಿಶಾ ಗುರುತು ಹಾಕಿದಳು. ಜಟ್ಟೆಪ್ಪ ಮುಂದಿನ ಹೆಸರು ಓದಿದ.